ಅಕ್ಕ, ತಮ್ಮ, ಅರ್ಧರ್ಧ ನಕ್ಷೆ

ಎಂಟು ವರ್ಷದ ಮಕ್ಕಳಿಗಾಗಿ ಬರೆಯುವ ಸಾಹಸಕಥೆಯಲ್ಲಿ ಒಗಟನ್ನೆಲ್ಲ ಅಕ್ಕನೇ ಬಿಡಿಸಿದರೆ ತಮ್ಮ ಬರೀ ಹಿಂಬಾಲಕನಾಗುತ್ತಾನೆ. ಹಾಗಾಗಿ ನಕ್ಷೆಯನ್ನೇ ಎರಡು ತುಂಡು ಮಾಡಿ.

ಅಕ್ಕನ ತುಂಡಿನಲ್ಲಿ ಐದು ಜಾಗಗಳ ಚಿತ್ರ, ಹೆಸರು: ಬಾವಿ, ನುಣುಪು ಬಂಡೆ, ಕಲ್ಲುಬೆಂಚು, ಬಣವೆ, ಮಾವಿನ ಮರ. ತಮ್ಮನದರಲ್ಲಿ ಹೆಜ್ಜೆಗುರುತು ಮಾತ್ರ. ಮೂರರ ಪಕ್ಕದಲ್ಲಷ್ಟೇ 1, 2, 3. ಜೋಡಿಸಿದರೆ ಕಲ್ಲುಬೆಂಚು, ಮಾವಿನ ಮರ, ನುಣುಪು ಬಂಡೆ ಎಂಬ ಕ್ರಮ ಸಿಗುತ್ತದೆ. ಮೊದಲಕ್ಷರ ಓದಿದರೆ ‘ಕಮಾನು’. ಇಬ್ಬರೂ ಮುನಿಸಿಕೊಂಡಿರುವಷ್ಟು ಹೊತ್ತು ಒಗಟು ಬಿಡಿಸಲಾಗದು, ಜಗಳವೇ ಕಥೆಯನ್ನು ಎಳೆಯುತ್ತದೆ.

ಉತ್ತರದ ಪದವನ್ನು ಮೊದಲು ಆರಿಸಿ, ಜಾಗಗಳನ್ನು ಆಮೇಲೆ. ಣ, ಳ ಇರುವ ಪದ ಬೇಡ, ಆ ಅಕ್ಷರಗಳಿಂದ ಶುರುವಾಗುವ ಜಾಗ ಸಿಗುವುದಿಲ್ಲ. ಒತ್ತಕ್ಷರವೂ ಬೇಡ.

ಕಲ್ಲಿನ ಕಮಾನು ಮೊದಲ ಅಧ್ಯಾಯದಲ್ಲೇ ಸುಮ್ಮನೆ ಕಾಣಿಸಿಕೊಂಡಿರಬೇಕು. ಇಲ್ಲದಿದ್ದರೆ ಪದ ಸಿಕ್ಕರೂ ಮಗುವಿಗೆ ಎಲ್ಲಿಗೆ ಹೋಗಬೇಕೆಂದು ಹೊಳೆಯದು. ಎರಡೂ ತುಂಡು ಸೇರಿದ ಚಿತ್ರದಲ್ಲಿ ಅಧ್ಯಾಯ ಮುಗಿಸಿ, ಉತ್ತರವನ್ನು ಮುಂದಿನದರಲ್ಲಿಡಿ. ಬಿಡಿಸುವ ಖುಷಿ ಓದುವ ಮಗುವಿಗೇ ಮೊದಲು ಸಿಗಬೇಕು, ನನಗೆ ಇದು ತುಂಬಾ ಮುಖ್ಯ.

ಒಂದು ಮಗುವಿಗೆ ಓದಲು ಕೊಟ್ಟು ನೋಡಿ. ‘ಯಾವುದರಿಂದ ಶುರು ಮಾಡಲಿ?’ ಎಂದು ಕೇಳಿದರೆ ಅಂಕಿಗಳನ್ನು ಇನ್ನಷ್ಟು ದೊಡ್ಡದಾಗಿ ಬರೆಯಿರಿ.