ಗಾಳಿವೇಗದ ಗ್ರಾಫ್‌ನಲ್ಲಿ ಮೆಟ್ಟಿಲು: ((1+x)^r − 1)/x ಕೆಲಸಕ್ಕೆ ಬಂದದ್ದು ಹೀಗೆ

ನಾನು ಬೆಂಗಳೂರಿನಲ್ಲಿ ಪೈಲಟ್ ಇಲ್ಲದ ಸಣ್ಣ ವಿಮಾನಗಳಿಗೆ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಗಾಳಿವೇಗ ಲೆಕ್ಕ ಹಾಕುವ ಭಾಗ ನನ್ನ ಪಾಲಿಗೆ ಬಂದಿದೆ. ವಿಮಾನದ ಮೂತಿಯಲ್ಲಿ ಪಿಟೊ ಟ್ಯೂಬ್ ಅಂತ ಸಣ್ಣ ಕೊಳವೆ ಇರುತ್ತದೆ. ಎದುರಿನಿಂದ ಬರುವ ಗಾಳಿ ಅದರೊಳಗೆ ಬಂದು ನಿಲ್ಲುತ್ತದೆ, ಒತ್ತಡ ಏರುತ್ತದೆ. ಆ ಒತ್ತಡಕ್ಕೂ ಸುತ್ತಲಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಸೆನ್ಸರ್ ಪಾಸ್ಕಲ್‌ನಲ್ಲಿ ಕೊಡುತ್ತದೆ. ಅದರಿಂದ ವೇಗ ತೆಗೆಯುವುದಷ್ಟೇ ಕೆಲಸ.

ಸೂತ್ರ ಹಳೆಯದು. ಒತ್ತಡದ ವ್ಯತ್ಯಾಸ q, ಸಮುದ್ರಮಟ್ಟದ ಒತ್ತಡ p = 101325 ಪಾಸ್ಕಲ್, ಶಬ್ದದ ವೇಗ a = 340.294 ಮೀ/ಸೆ ಅಂದರೆ:

```
v = a * sqrt( 5 * ( (1 + q/p)^(2/7) - 1 ) )
```

ಇದು ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದ್ದರೂ ಇಲ್ಲಿ ಹಾಕುವುದು ಸಮುದ್ರಮಟ್ಟದ ಬೆಲೆಗಳನ್ನೇ. ಈ ವೇಗದ ವ್ಯಾಖ್ಯೆಯೇ ಹಾಗಿದೆ.

ಒಳಗೆ ಕೂತಿರುವ (1+x)^r − 1 ಅನ್ನು ನೋಡಿ. ಇಲ್ಲಿ x = q/p, r = 2/7. ಪಿಯುಸಿಯಲ್ಲಿ ಓದಿದ ಲಿಮಿಟ್ ನೆನಪಿದೆ ಅಲ್ವಾ? x ಸೊನ್ನೆಯ ಹತ್ತಿರ ಹೋದಾಗ ((1+x)^r − 1)/x ಬಂದು ನಿಲ್ಲುವುದು r ಹತ್ತಿರ. ನಮ್ಮಲ್ಲಿ x ಯಾವಾಗಲೂ ಚಿಕ್ಕದೇ. ವೇಗ 5 ಮೀ/ಸೆ ಇದ್ದರೆ q ಸುಮಾರು 15 ಪಾಸ್ಕಲ್, ಅಂದರೆ x ಸುಮಾರು 0.00015.

ಒಂದು ದಿನ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಸಿಮ್ಯುಲೇಷನ್ ಗ್ರಾಫ್ ತೋರಿಸಿದಳು. q ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ ಹೋದರೆ ವೇಗವೂ ನುಣ್ಣಗೆ ಏರಬೇಕು. ಅವಳ ಗ್ರಾಫ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಮೊದಲು ಸೊನ್ನೆ, ಆಮೇಲೆ ಒಮ್ಮೆಲೇ 0.263, ಆಮೇಲೆ 0.372. ನಡುವೆ ಏನೂ ಇಲ್ಲ.

"ಸರ್, ಸೆನ್ಸರ್ ನಾಯ್ಸ್ ಇರಬಹುದಾ?" ಅಂದಳು. ಸಿಮ್ಯುಲೇಷನ್‌ನಲ್ಲಿ ಸೆನ್ಸರೇ ಇಲ್ಲವಲ್ಲ ಅಂತ ಅವಳೇ ಮರುಕ್ಷಣ ನಕ್ಕಳು. ಕೋಡ್ ಹೀಗಿತ್ತು:

```c
float x = q / 101325.0f;
float y = powf(1.0f + x, 2.0f / 7.0f) - 1.0f;
float v = 340.294f * sqrtf(5.0f * y);
```

ಸೂತ್ರಕ್ಕೂ ಕೋಡಿಗೂ ಒಂದಕ್ಷರ ವ್ಯತ್ಯಾಸವಿಲ್ಲ. ಗಣಿತವೂ ಸರಿ. ತೊಂದರೆ ಇದ್ದದ್ದು 1 ಕೂಡಿಸಿ ಆಮೇಲೆ 1 ಕಳೆಯುವ ಜಾಗದಲ್ಲಿ.

ನಮ್ಮ ಮೈಕ್ರೊಕಂಟ್ರೋಲರ್ 32 ಬಿಟ್ ಫ್ಲೋಟ್ ಲೆಕ್ಕವನ್ನು ಮಾತ್ರ ಬೇಗ ಮಾಡುತ್ತದೆ. ಈ ಫ್ಲೋಟ್‌ನಲ್ಲಿ 1 ಆದಮೇಲೆ ಬರುವ ಮುಂದಿನ ಸಂಖ್ಯೆ 1 + 2^−23. ಅಂದರೆ ನಡುವಿನ ಅಂತರ 0.000000119. ಈ ಅಂತರವನ್ನು u ಅನ್ನೋಣ. 1ರ ಆಚೆ ಏನೇ ಬರೆದರೂ ಅದು u, 2u, 3u ಹೀಗೆ ಪೂರ್ಣ ಲೆಕ್ಕದಲ್ಲೇ ಕೂರಬೇಕು.

q = 0.1 ಪಾಸ್ಕಲ್ ಇಟ್ಟು ನೋಡೋಣ. x ಆಗ 8.28u. ಒಂಟಿಯಾಗಿ ಇರುವಾಗ x ಪೂರ್ತಿ ನಿಖರವಾಗಿಯೇ ಇರುತ್ತದೆ, ಏಕೆಂದರೆ ಚಿಕ್ಕ ಸಂಖ್ಯೆಗಳಿಗೆ ಫ್ಲೋಟ್‌ನಲ್ಲಿ ಜಾಗ ಧಾರಾಳ. ಅದಕ್ಕೆ 1 ಕೂಡಿಸಿದ ತಕ್ಷಣ 0.28 ಉದುರಿ ಹೋಗಿ 1 + 8u ಉಳಿಯುತ್ತದೆ. ಅದನ್ನು 2/7 ಘಾತಕ್ಕೆ ಏರಿಸಿದರೆ 1 + 2.286u ಬರಬೇಕು. ಅದೂ ಕೂರಲು ಜಾಗವಿಲ್ಲದೆ 1 + 2u ಆಗುತ್ತದೆ. 1 ಕಳೆದರೆ 2u. ವೇಗ 0.372 ಮೀ/ಸೆ ಅಂತ ಬರುತ್ತದೆ, ನಿಜವಾಗಿ ಬರಬೇಕಾದದ್ದು 0.404. ಶೇಕಡ 8ರಷ್ಟು ತಪ್ಪು. ಕಳೆಯುವ ಹೆಜ್ಜೆಯಲ್ಲಿ ಏನೂ ಹಾಳಾಗಲಿಲ್ಲ ಅನ್ನುವುದನ್ನು ಗಮನಿಸಿ. ಹಾಳಾದದ್ದು ಮೊದಲೇ. ಕಳೆದಾಗ ಅದು ಕಣ್ಣಿಗೆ ಬಿತ್ತು, ಅಷ್ಟೇ.

ಈ ತಪ್ಪನ್ನು ಹಿಡಿಯಲು ಲಿಮಿಟ್ಟನ್ನೇ ಪರೀಕ್ಷೆಯಾಗಿ ಬಳಸಬಹುದು. y/x ಅನ್ನು ಪ್ರಿಂಟ್ ಮಾಡಿ. x ಚಿಕ್ಕದಾದಂತೆ ಅದು 2/7, ಅಂದರೆ 0.285714ರ ಹತ್ತಿರ ಸರಿಯಬೇಕು. ಎಡಗಡೆ q ಪಾಸ್ಕಲ್‌ನಲ್ಲಿ, ಮಧ್ಯೆ ನಮ್ಮ ಹಳೆಯ ಕೋಡ್ ಕೊಡುವ y/x, ಬಲಗಡೆ ಬರಬೇಕಾದದ್ದು:

```
100     0.28567   0.28561
10      0.28627   0.28570
1       0.28989   0.28571
0.1     0.24158   0.28571
0.02    0.60394   0.28571
0.01    0.00000   0.28571
```

ಲಿಮಿಟ್‌ನ ಹತ್ತಿರ ಹೋದಷ್ಟೂ ಉತ್ತರ ಕೆಡುತ್ತಿದೆ. 0.02ರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ, 0.01ರಲ್ಲಿ ಪೂರ್ತಿ ಸೊನ್ನೆ. ಎಲ್ಲೋ ಅಂಕಿ ಉದುರುತ್ತಿದೆ ಅನ್ನುವುದಕ್ಕೆ ಇದೇ ಗುರುತು. ಸೂತ್ರವೇ ತಪ್ಪಾಗಿದ್ದರೆ y/x ಬೇರೆ ಯಾವುದೋ ಒಂದು ಬೆಲೆಗೆ ನೆಟ್ಟಗೆ ಹೋಗಿ ನಿಲ್ಲುತ್ತಿತ್ತು, ಹೀಗೆ ಕುಣಿಯುತ್ತಿರಲಿಲ್ಲ.

ಸರಿಪಡಿಸುವುದು ಹೇಗೆ? ಆ ಹುಡುಗಿ ಕೊಟ್ಟ ಮೊದಲ ಸಲಹೆ: x ಚಿಕ್ಕದಿದ್ದಾಗ y = r·x ಅಂತ ಹಾಕಿಬಿಡೋಣ, ಲಿಮಿಟ್ ಹೇಳುವುದೂ ಅದನ್ನೇ. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಮಾಡಿ ನೋಡಿದರೆ v² = a²·5·(2/7)·q/p. ಗಾಳಿಯ ಸಾಂದ್ರತೆ ρ ಆದರೆ a² = 1.4·p/ρ. ಅದನ್ನು ಹಾಕಿದರೆ p ಹೊಡೆದುಹೋಗುತ್ತದೆ, 1.4 ಮತ್ತು 10/7 ಗುಣಿಸಿ 2 ಆಗುತ್ತದೆ. ಉಳಿಯುವುದು v² = 2q/ρ. ಶಾಲೆಯಲ್ಲಿ ಕಲಿತ ಬರ್ನೂಲಿ ಸೂತ್ರ! ಗಾಳಿ ಕುಗ್ಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತಗೊಂಡ ದೊಡ್ಡ ಸೂತ್ರಕ್ಕೂ ಕುಗ್ಗುವುದಿಲ್ಲ ಅಂದುಕೊಂಡ ಚಿಕ್ಕ ಸೂತ್ರಕ್ಕೂ ನಡುವಿನ ಸೇತುವೆ ಈ ಒಂದು ಲಿಮಿಟ್. ನನಗಂತೂ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಸಾಲು ಇದು.

ಬರ್ನೂಲಿ ಎಷ್ಟು ದೂರ ನಡೆಯುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಲಿಮಿಟ್‌ನ ಮುಂದಿನ ಪದವನ್ನೂ ಸೇರಿಸಿದರೆ y/x ಸುಮಾರು r + r(r−1)x/2. ಇದರಿಂದ ಬರ್ನೂಲಿ ತೋರಿಸುವ ವೇಗ ನಿಜಕ್ಕಿಂತ ಸುಮಾರು M²/8 ಭಾಗ ಜಾಸ್ತಿ ಅಂತ ಸಿಗುತ್ತದೆ. M ಅಂದರೆ ಮ್ಯಾಕ್ ಸಂಖ್ಯೆ, ಶಬ್ದದ ವೇಗದ ಎಷ್ಟು ಭಾಗ ಅನ್ನುವುದು. 30 ಮೀ/ಸೆ ವೇಗದಲ್ಲಿ ಈ ತಪ್ಪು ಶೇಕಡ 0.1, ಅಂದರೆ 3 ಸೆಂ.ಮೀ/ಸೆ. 100 ಮೀ/ಸೆ ವೇಗದಲ್ಲಿ ಶೇಕಡ 1ನ್ನು ದಾಟುತ್ತದೆ. ನಿಧಾನವಾಗಿ ಹಾರುವ ವಿಮಾನ ಮಾತ್ರ ಇದ್ದರೆ ಬರ್ನೂಲಿ ಹಾಕಿ ಮನೆಗೆ ಹೋಗಬಹುದು. ನಮ್ಮ ಕೋಡ್ ವೇಗದ ವಿಮಾನಕ್ಕೂ ಹೋಗಬೇಕಿತ್ತು.

ಹಾಗಾದರೆ if ಹಾಕಿ ಒಂದು ಗೆರೆಯ ಕೆಳಗೆ r·x, ಮೇಲೆ ಪೂರ್ತಿ ಸೂತ್ರ? ಗೆರೆಯನ್ನು x = 0.001 ಹತ್ತಿರ ಇಟ್ಟರೆ ಸುಮಾರು 13 ಮೀ/ಸೆ ವೇಗದಲ್ಲಿ ಎರಡು ಮಿ.ಮೀ/ಸೆ ಆಸುಪಾಸಿನ ಜಿಗಿತ ಬರುತ್ತದೆ. ವೇಗವನ್ನಷ್ಟೇ ತೋರಿಸುವುದಾದರೆ ಯಾರಿಗೂ ಗೊತ್ತಾಗದು. ಆದರೆ ವೇಗದ ಬದಲಾವಣೆಯ ದರವನ್ನು ಓದುವ ಕಂಟ್ರೋಲ್ ಲೂಪ್‌ಗೆ ಆ ಗೆರೆ ದಾಟಿದಾಗಲೆಲ್ಲ ಒಂದು ಸಣ್ಣ ಕುಟುಕು. ಗೆರೆಯನ್ನು ಕೆಳಗೆ ತಂದರೆ ಜಿಗಿತ ಕಡಿಮೆಯಾಗುತ್ತದೆ, ಆದರೆ ಗೆರೆಯ ಮೇಲಿನ ಭಾಗದಲ್ಲಿ ಮೆಟ್ಟಿಲು ವಾಪಸ್ ಬರುತ್ತದೆ.

ಇಲ್ಲಿ ಲಿಮಿಟ್‌ನ ಉತ್ತರಕ್ಕಿಂತ ಅದರ ಸಾಧನೆ ಹೆಚ್ಚು ಕೆಲಸಕ್ಕೆ ಬಂತು. ಪಿಯುಸಿ ಪುಸ್ತಕದಲ್ಲಿ ಘಾತ ಪೂರ್ಣಾಂಕವಾಗಿದ್ದಾಗ ಸಾಧಿಸಿ, ಭಿನ್ನರಾಶಿಗೂ ಸರಿ ಅಂತ ಹೇಳಿ ಮುಂದೆ ಹೋಗುತ್ತಾರೆ. ನಮ್ಮ 2/7 ಭಿನ್ನರಾಶಿಯೇ, ನಿಜ. ಆದರೆ ಅದು ಬಂದದ್ದು ಗಾಳಿಯ ಎರಡು ವಿಶಿಷ್ಟೋಷ್ಣಗಳ ಅನುಪಾತವಾದ γ ಅನ್ನು 1.4 ಅಂತ ದುಂಡಗೆ ಮಾಡಿಕೊಂಡಿದ್ದರಿಂದ. ಅಸಲಿಗೆ r = (γ−1)/γ, ಮತ್ತು γ ಗಾಳಿಯ ಬಿಸಿಯ ಜೊತೆ ಸ್ವಲ್ಪ ಸ್ವಲ್ಪ ಬದಲಾಗುವ ಅಳತೆ. ಅದು ಅಚ್ಚುಕಟ್ಟಾದ ಭಿನ್ನರಾಶಿಯೇ ಆಗಿರಬೇಕು ಅಂತ ಪ್ರಕೃತಿಗೆ ಯಾರೂ ಹೇಳಿಲ್ಲ. ಹಾಗಾಗಿ ಯಾವುದೇ ವಾಸ್ತವ ಸಂಖ್ಯೆ rಗೂ ನಡೆಯುವ ಸಾಧನೆ ಬೇಕು. ಎಲ್'ಹಾಪಿಟಲ್ ನಿಯಮ ಹಾಕಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ ಅನ್ನಿಸಬಹುದು. ಆದರೆ ಅದಕ್ಕೆ x^rನ ಅವಕಲನ ಬೇಕು. ಆ ಅವಕಲನವನ್ನು ಈ ಲಿಮಿಟ್‌ನಿಂದಲೇ ತೆಗೆದಿದ್ದರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತೆ.

ಸಾಧನೆ ಹೀಗಿದೆ. r ಸೊನ್ನೆಯಾದರೆ ಎಲ್ಲವೂ ಸೊನ್ನೆ, ಅದನ್ನು ಬಿಡೋಣ. y = (1+x)^r − 1 ಅನ್ನಿ. 1ನ್ನು ಆಚೆ ತಗೊಂಡು ಎರಡೂ ಕಡೆ ಲಾಗ್ ಹಾಕಿ: ln(1+y) = r·ln(1+x). ಈಗ y/x ಅನ್ನು ಮೂರು ತುಂಡಾಗಿ ಬರೆಯಿರಿ:

```
y/x = [ y / ln(1+y) ] * r * [ ln(1+x) / x ]
```

x ಸೊನ್ನೆಗೆ ಹೋದಾಗ y ಕೂಡ ಸೊನ್ನೆಗೆ ಹೋಗುತ್ತದೆ. ln(1+x)/x ಹೋಗುವುದು 1ಕ್ಕೆ. y/ln(1+y) ಅದೇ ಲಿಮಿಟ್ ತಲೆಕೆಳಗಾದದ್ದು, ಅದೂ 1ಕ್ಕೆ. ಉಳಿದದ್ದು r. x ಯಾವ ಕಡೆಯಿಂದ ಸೊನ್ನೆಗೆ ಬಂದರೂ ಸರಿ, 1+x ಧನವಾಗಿದ್ದರೆ ಸಾಕು.

ಈಗ ಇದನ್ನು ಲೆಕ್ಕ ಮಾಡುವ ದಾರಿಯಾಗಿ ಓದಿ. xನಿಂದ ln(1+x), ಅದಕ್ಕೆ r ಗುಣಿಸಿ, ಆಮೇಲೆ ಲಾಗ್ ಬಿಚ್ಚಿ y. C ಭಾಷೆಯಲ್ಲಿ C99 ಮಾನದಂಡದಿಂದಲೂ ಇದಕ್ಕೆಂದೇ ಎರಡು ಫಂಕ್ಷನ್‌ಗಳಿವೆ. log1pf(x) ಕೊಡುವುದು ln(1+x), ಆದರೆ ಒಳಗೆ 1+x ಅಂತ ಕೂಡಿಸಿ ಅಂಕಿ ಕಳೆದುಕೊಳ್ಳುವುದಿಲ್ಲ. expm1f(t) ಕೊಡುವುದು e^t − 1, ಅದೂ ಅಂಕಿ ಕಳೆಯದೆ.

```c
float y = expm1f((2.0f / 7.0f) * log1pf(x));
```

ಒಂದೇ ಸಾಲಿನ ಬದಲಾವಣೆ. if ಇಲ್ಲ, ಗೆರೆ ಇಲ್ಲ. 0.01 ಪಾಸ್ಕಲ್‌ನಲ್ಲೂ ವೇಗ 0.128 ಮೀ/ಸೆ ಅಂತ ಸರಿಯಾಗಿ ಬರುತ್ತದೆ, ಮೇಲಿನ ಪಟ್ಟಿಯ ಬಲಗಡೆಯ ಅಂಕಿಗಳೂ ಸಿಗುತ್ತವೆ. ಡಬಲ್ ಬಳಸಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳಬಹುದು. ಈ ವೇಗಗಳಿಗೆ ಖಂಡಿತ ಆಗುತ್ತಿತ್ತು. ಆದರೆ ನಮ್ಮ ಚಿಪ್‌ನಲ್ಲಿ ಡಬಲ್ ಲೆಕ್ಕ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ, ನಿಧಾನ. ಮೇಲಾಗಿ ಅಲ್ಲೂ ರೋಗ ಇದ್ದೇ ಇದೆ, ತುಂಬಾ ಚಿಕ್ಕ xಗೆ ಮುಂದೂಡಿದಂತಾಗುತ್ತದೆ ಅಷ್ಟೇ: ಡಬಲ್‌ನಲ್ಲಿ 1 + 10^−16 ಅಂದರೆ ಬರೀ 1.

ಒಂದು ಮಾತು ನೇರವಾಗಿ ಹೇಳಬೇಕು. ನಿಜವಾದ ಹಾರಾಟದಲ್ಲಿ ಈ ಮೆಟ್ಟಿಲು ನಮಗೆ ಕಂಡಿರಲಿಲ್ಲ. ಫ್ಲೋಟ್‌ನ ಒಂದು ಮೆಟ್ಟಿಲು 0.012 ಪಾಸ್ಕಲ್‌ಗೆ ಸಮ. ನಾವು ಬಳಸುವ ಸೆನ್ಸರ್‌ನ ನಾಯ್ಸ್ ಅದಕ್ಕಿಂತ ಬಹಳ ದೊಡ್ಡದು, ಮೆಟ್ಟಿಲು ಅದರಲ್ಲಿ ಮುಚ್ಚಿಹೋಗುತ್ತದೆ. ಕಂಡದ್ದು ಸಿಮ್ಯುಲೇಷನ್‌ನಲ್ಲಿ ಮಾತ್ರ. ಆದರೂ ಸರಿ ಮಾಡಿದೆವು, ಏಕೆಂದರೆ ಹೊಸ ಫಿಲ್ಟರ್ ಪರೀಕ್ಷಿಸುವವರು ಗ್ರಾಫ್ ನೋಡಿ ತಮ್ಮ ಫಿಲ್ಟರ್ ಮೇಲೆ ಅನುಮಾನ ಪಡುತ್ತಿದ್ದರು.

ನಾಯ್ಸ್ ತರುವ ಇನ್ನೊಂದು ತಲೆನೋವು ಬೇರೆ ಇದೆ. ವಿಮಾನ ನಿಂತಿದ್ದಾಗ q ಸೊನ್ನೆಯ ಆಚೀಚೆ ಓಡಾಡುತ್ತದೆ, ಋಣವೂ ಆಗುತ್ತದೆ. ln(1+x)ಗೆ ಅದರಿಂದ ತೊಂದರೆ ಇಲ್ಲ, y ಕೂಡ ಸರಿಯಾಗಿಯೇ ಋಣವಾಗಿ ಬರುತ್ತದೆ. ಮುಂದಿನ sqrtf ಮಾತ್ರ NaN ಕೊಟ್ಟು ಕೂರುತ್ತದೆ. ಋಣ ಬಂದಾಗಲೆಲ್ಲ ಸೊನ್ನೆ ಹಾಕಿದರೆ ನಿಂತ ವಿಮಾನಕ್ಕೂ ಸರಾಸರಿ ವೇಗ ಸೊನ್ನೆಗಿಂತ ಮೇಲೆ ಬರುತ್ತದೆ. ಅದಕ್ಕೆ ನಾವು y ಅನ್ನೇ ಮೊದಲು ಫಿಲ್ಟರ್ ಮಾಡುತ್ತೇವೆ. ವರ್ಗಮೂಲ ತೆಗೆಯುವುದು ಆಮೇಲೆ, ಆಗಲೂ ಋಣ ಉಳಿದಿದ್ದರೆ ಮಾತ್ರ ಸೊನ್ನೆ.