ಅಕ್ಕನ ಹಾಜರಿ ಪುಸ್ತಕ

ಅಕ್ಕ ಗದಗ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ತನ್ನ ತರಗತಿಯಲ್ಲಿ ಯಾರು ಯಾವ ದಿನ ತಪ್ಪಿಸಿಕೊಳ್ಳುತ್ತಾರೆ ಅಂತ ಒಂದೇ ನೋಟಕ್ಕೆ ಕಾಣಬೇಕು ಅನ್ನೋದು ಅವಳ ಆಸೆ. ಅದಕ್ಕೇ ಒಂದು ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ನಾನು ಲ್ಯಾಪ್‌ಟಾಪ್ ಹಿಡಿದು, ಹಾಜರಿ ಪುಸ್ತಕವನ್ನು ಸ್ಪ್ರೆಡ್‌ಶೀಟಿಗೆ ಇಳಿಸೋಕೆ ಅವಳ ಕೋಣೆಯಲ್ಲಿ ಕೂತೆ. ಆಗಸ್ಟ್ ತಿಂಗಳ ಪುಟ, 34 ಮಕ್ಕಳು, 31 ದಿನ. ಮಕ್ಕಳ ಹೆಸರು ಹಾಕಲಿಲ್ಲ, ಹಾಜರಿ ನಂಬರ್ ಸಾಕು ಅಂತ ಇಬ್ಬರೂ ಒಪ್ಪಿಕೊಂಡೆವು.

ಪುಟ ಓದೋದೇ ಮೊದಲ ಕೆಲಸ. ಮುಂಜಾನೆ ಬಂದರೆ ಚೌಕದಲ್ಲಿ ಒಂದು ಓರೆ ಗೀಟು. ಮಧ್ಯಾಹ್ನವೂ ಇದ್ದರೆ ಅದರ ಮೇಲೆ ಅಡ್ಡ ಇನ್ನೊಂದು ಗೀಟು, ಕತ್ತರಿ ಹಾಗೆ. ಬಾರದಿದ್ದರೆ ‘ಗೈ’. ರವಿವಾರ, ಪಂಚಮಿ ಸೂಟಿ, ಆಗಸ್ಟ್ 15 ಇವೆಲ್ಲ ಕೆಂಪು ಶಾಯಿಯಲ್ಲಿ ಮೇಲಿಂದ ಕೆಳಗೆ.

ಬರೀ ‘ಬಂದ’, ‘ಬಂದಿಲ್ಲ’ ಅಂತ ಹಾಕಿದರೆ ಅರ್ಧ ದಿನ ಎಲ್ಲಿಗೆ ಹೋಗಬೇಕು? ಅದಕ್ಕೆ ಹೊತ್ತಿನ ಲೆಕ್ಕ ಹಿಡಿದೆ. ಎರಡೂ ಹೊತ್ತು ಇದ್ದರೆ 2, ಒಂದೇ ಹೊತ್ತಾದರೆ 1, ಗೈರಾದರೆ 0. ಶನಿವಾರ ಒಂದೇ ಹೊತ್ತಿನ ಶಾಲೆ, ಹಾಗಾಗಿ ಅವತ್ತು ಪೂರ್ತಿ ಅಂದರೂ 1. ಪ್ರತಿ ತಾರೀಖಿನ ತಲೆಯ ಮೇಲೆ, 3ನೇ ಸಾಲಿನಲ್ಲಿ, ಆ ದಿನ ಎಷ್ಟು ಹೊತ್ತು ಶಾಲೆ ಇತ್ತು ಅಂತ ಬರೆದೆ. ಸೂಟಿ ದಿನಗಳನ್ನು ಖಾಲಿ ಬಿಟ್ಟೆ.

ಖಾಲಿ ಬೇರೆ, ಸೊನ್ನೆ ಬೇರೆ. ಒಬ್ಬ ಹುಡುಗಿ 12ನೇ ತಾರೀಖು ಹೊಸದಾಗಿ ಸೇರಿದ್ದಳು. ಅಲ್ಲಿವರೆಗೆ ಅವಳ ಚೌಕಗಳಲ್ಲಿ ಸಣ್ಣ ಅಡ್ಡಗೆರೆ. ಅಲ್ಲೆಲ್ಲ ಸೊನ್ನೆ ಹಾಕಿದ್ದರೆ 45 ಹೊತ್ತಿಗೆ 30, ಅಂದರೆ 67 ಪರ್ಸೆಂಟ್. ನಿಜಕ್ಕೂ ಅವಳು ಸೇರಿದ ಮೇಲೆ ನಡೆದದ್ದು 31 ಹೊತ್ತು, ತಪ್ಪಿಸಿದ್ದು ಒಂದೇ. ಖಾಲಿ ಚೌಕ ಬಿಟ್ಟು ಎಣಿಸೋ ಸೂತ್ರ ಇದು:

```
=SUM(C5:AG5)/SUMIF(C5:AG5,">=0",C$3:AG$3)
```

ತುಂಬುವಾಗ ಮೊದಲು ಎಲ್ಲ ಚೌಕಕ್ಕೂ ಪೂರ್ತಿ ಹಾಜರಿ ಹಾಕಿಬಿಟ್ಟೆ. ಆಮೇಲೆ ಅಕ್ಕ ಸಾಲಿನ ಕೆಳಗೆ ಫೂಟ್‌ಪಟ್ಟಿ ಇಟ್ಟು ಗೈರು, ಅರ್ಧ ದಿನ ಇದ್ದದ್ದನ್ನು ಮಾತ್ರ ಓದಿದಳು. ಬೇಗ ಮುಗಿಯಿತು. ಆದರೆ ಇದರಲ್ಲಿ ಒಂದು ಅಪಾಯ ಇದೆ. ಕಣ್ತಪ್ಪಿದ ಗೈರು ಸದ್ದಿಲ್ಲದೆ ಹಾಜರಿಯಾಗಿ ಉಳಿಯುತ್ತೆ.

ಅದನ್ನು ಹಿಡಿಯೋದು ಹಾಜರಿ ಪುಸ್ತಕದ ಅಂಚು. ಅಕ್ಕ ದಿನಾ ಪುಟದ ಕೆಳಗೆ ಎರಡು ಹೊತ್ತಿನ ಒಟ್ಟು ಬರೀತಾಳೆ. ತಿಂಗಳ ಕೊನೆಗೆ ಬಲಗಡೆ ಒಂದೊಂದು ಮಗುವಿನ ಒಟ್ಟು. ಎರಡನ್ನೂ ನನ್ನ ಹಾಳೆಯಲ್ಲಿ ಬೇರೆಯಾಗಿ ಹಾಕಿ, ನನ್ನ ಮೊತ್ತದ ಜೊತೆ ಹೊಂದಿಸಿದೆ.

12ನೇ ತಾರೀಖು ಪುಸ್ತಕದಲ್ಲಿ ಮುಂಜಾನೆ 31, ಮಧ್ಯಾಹ್ನ 29, ಒಟ್ಟು 60. ನನ್ನದು 59. ಹಾಗೇ 9ನೇ ನಂಬರಿನ ಸಾಲಿನಲ್ಲೂ ಒಂದು ಕಡಿಮೆ. ಎರಡೂ ಸೇರೋ ಚೌಕ ಒಂದೇ ಅಲ್ವಾ? ಸಾವಿರ ಚೌಕ ಮತ್ತೆ ಓದೋದೇ ಬೇಕಾಗಲಿಲ್ಲ. ಪುಟ ಓರೆ ಮಾಡಿ ಬೆಳಕಿಗೆ ಹಿಡಿದೆವು. ಎರಡನೇ ಗೀಟು ಇತ್ತು. ಪೆನ್ನಿನ ಶಾಯಿ ಸರಿಯಾಗಿ ಇಳಿದಿರಲಿಲ್ಲ, ಕಾಗದದ ಮೇಲೆ ಒತ್ತಿದ ಗುರುತು ಮಾತ್ರ ಮೂಡಿತ್ತು.

ಇನ್ನೊಂದು ಕಡೆ ತಾರೀಖಿನ ಮೊತ್ತಗಳೆಲ್ಲ ಸರಿ, ಆದರೆ 17ರ ಸಾಲು ಎರಡು ಕಡಿಮೆ, 18ರ ಸಾಲು ಎರಡು ಜಾಸ್ತಿ. ಇದು ಸಾಲು ತಪ್ಪಿದ ಗುರುತು. 17ರಲ್ಲಿ ನಾನು ಹಾಕಿದ್ದ ಸೊನ್ನೆ ಎರಡೇ, ಅವನ್ನು ನೋಡಿದರೆ ಸಾಕಿತ್ತು. 21ನೇ ತಾರೀಖಿನ ‘ಗೈ’ ಕೆಳಗಿನ ಹುಡುಗನದ್ದು.

26ನೇ ನಂಬರಿಗೆ ಪುಸ್ತಕ 41 ಅಂದರೆ ನನ್ನ ಹಾಳೆ 40 ಅಂದಿತು. ತಾರೀಖುಗಳಲ್ಲಿ ಎಲ್ಲೂ ವ್ಯತ್ಯಾಸ ಇಲ್ಲ. ಗೀಟು ಒಂದೊಂದಾಗಿ ಬೆರಳಿಟ್ಟು ಎಣಿಸಿದೆವು, 40 ಬಂತು. “ಕೂಡಾಗ ನಾನೇ ತಪ್ಪೇನಿ” ಅಂದಳು ಅಕ್ಕ. ಮೊತ್ತ ಹೊಂದಲಿ ಅಂತ ಚೌಕ ತಿದ್ದಲಿಲ್ಲ. ಪಕ್ಕದಲ್ಲಿ ಟಿಪ್ಪಣಿ ಬರೆದು ಬಿಟ್ಟೆ. ಆದರೆ ಆ ದಿನವೇ ಅಕ್ಕ ಒಬ್ಬರ ಗೀಟು ಇನ್ನೊಬ್ಬರಿಗೆ ಹಾಕಿದ್ದರೆ ಅದು ಈ ಲೆಕ್ಕಕ್ಕೆ ಸಿಗೋದಿಲ್ಲ.

ಕೊನೆಗೆ 0ಗೆ ಕೆಂಪು, ಶನಿವಾರ ಬಿಟ್ಟು ಉಳಿದ 1ಕ್ಕೆ ಹಳದಿ ಬಣ್ಣ ಕೊಟ್ಟೆ. 22ನೇ ನಂಬರಿನ ಸಾಲಿನಲ್ಲಿ ನಾಲ್ಕು ಹಳದಿ ಚೌಕ: 6, 13, 20, 27. ಒಟ್ಟು 45ಕ್ಕೆ 41, ಅದನ್ನಷ್ಟೇ ನೋಡಿದರೆ ಯಾರಿಗೂ ಅನುಮಾನ ಬರೋದಿಲ್ಲ.

ಅಕ್ಕ ಪರದೆ ಹತ್ತಿರ ಬಗ್ಗಿದಳು. “ಎಲ್ಲಾ ಮಂಗಳವಾರ ನೋಡು. ಊರಾಗ ಸಂತಿ. ಅವರವ್ವ ಕಾಯಿಪಲ್ಯ ಮಾರಾಕ ಕೂಡ್ತಾಳ. ಊಟ ಆದಮ್ಯಾಲೆ ಈಕಿ ತಮ್ಮನ್ನ ನೋಡ್ಕೊಳ್ಳಾಕ ಮನಿಗೆ ಹೋಗ್ತಿರಬೇಕು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು. “ಮಂಗಳವಾರ ಮಧ್ಯಾಹ್ನ ನಾನು ಗಣಿತ ತಗೊಳ್ತೀನಿ. ಅದನ್ನ ಮುಂಜಾನಿಗೆ ಹಾಕ್ತೀನಿ.”