ಶ್ರುತಿ ಎಲ್ಲಿ ಹೋಯ್ತು?

ಡೊಂಬಿವಲಿಯ ನನ್ನ ಕೋಣೆಯಲ್ಲಿ ಶ್ರುತಿ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ನನ್ನ ಹತ್ತಿರ ಆನ್‌ಲೈನಿನಲ್ಲಿ ಸಂಗೀತ ಕಲಿಯುವ ಪುಣೆಯ ಪುಟ್ಟಿಗೆ ಮಾತ್ರ ಅದು ಎರಡು ಸೆಕೆಂಡ್ ಕೇಳಿ ಮಾಯ. ಒಂದೇ ಸಮನೆ ಬರುವ ಸದ್ದನ್ನು ಆ್ಯಪ್ ಫ್ಯಾನಿನ ಗದ್ದಲ ಅಂದುಕೊಂಡು ಅಳಿಸುತ್ತದೆ. ಝೂಮ್‌ನಲ್ಲಿ Original sound for musicians ಆನ್ ಮಾಡಿದ ಮೇಲೆ ಉಳಿಯಿತು. ಆದರೂ ಈಗ ಶ್ರುತಿಯನ್ನು ಅವಳ ಮನೆಯಲ್ಲೇ ಇನ್ನೊಂದು ಫೋನಿನಲ್ಲಿ ಹಾಕಿಸುತ್ತೇನೆ.

ಒಟ್ಟಿಗೆ ಹಾಡುವ ಆಸೆಯಂತೂ ಬಿಟ್ಟಿದ್ದೇನೆ. ಸರಳೆ ವರಸೆ, ಸೆಕೆಂಡಿಗೊಂದು ಏಟು. ಅವಳ ದನಿ ಕಾಲು ಸೆಕೆಂಡ್ ತಡವಾದರೂ, ಏಟಿಗೊಂದೇ ಸ್ವರ ಇರುವ ಒಂದನೇ ಕಾಲದಲ್ಲಿ ಹೇಗೋ ನಡೆಯುತ್ತದೆ. ಮೂರನೇ ಕಾಲದಲ್ಲಿ ಏಟಿಗೆ ನಾಲ್ಕು ಸ್ವರ. ನಾನು ‘ರಿ’ ಅನ್ನುವಾಗ ಅವಳ ‘ಸ’ ಬರುತ್ತದೆ. ತಪ್ಪು ಅವಳದಲ್ಲ. ನಾನು ಕಾದರೆ ಅವಳೂ ಕಾಯುತ್ತಾಳೆ, ತಾಳ ಜಗ್ಗುತ್ತದೆ. ಅದಕ್ಕೇ ಒಂದು ಸಾಲು ಹಾಡಿ ಮ್ಯೂಟ್ ಆಗುತ್ತೇನೆ. ಅವಳು ತಾನೇ ತಾಳ ಹಾಕಿಕೊಂಡು ಹಾಡುತ್ತಾಳೆ. ನಾವೆಲ್ಲ ಟೀಚರ್ ದನಿಯ ಹಿಂದೆ ಅಡಗಿ ಕಲಿತವರು. ಪಾಪ, ಇವಳಿಗೆ ಆ ಮರೆ ಇಲ್ಲ.

ನಿನ್ನೆ ಅವಳಮ್ಮನ ಮೆಸೇಜ್: “ಟೀಚರ್, ಅರ್ಧ ಹೊತ್ತು ಮ್ಯೂಟಲ್ಲೇ ಇರ್ತೀರಲ್ವಾ, ಫೀಸು ಪೂರ್ತಿನಾ?”

ಮುಂದಿನ ಕ್ಲಾಸಿಗೆ ಅವರನ್ನೂ ಪಕ್ಕದಲ್ಲಿ ಕೂರಲು ಹೇಳಿದ್ದೇನೆ. 8 ಕ್ಲಾಸುಗಳ ದುಡ್ಡು ಮೊದಲೇ ತಗೋಬೇಕಿತ್ತು!